ಒಂದೇ ಪಟ್ಟಿ, ನಾಲ್ಕು ಉತ್ತರ: 0, 3, 6, 9. ಯಾವುದು ಸರಿ?

ಕೆರೆ ಏರಿ, ಕೋಲಾರ

ಎಲ್ಲರಿಗೂ ನಮಸ್ಕಾರ. ಪ್ಲೇಸ್‌ಮೆಂಟ್ ಟೆಸ್ಟ್‌ಗೆ ನಾವು ನಾಲ್ಕು ಜನ ಸೇರಿ ಓದುತ್ತಿದ್ದೇವೆ. ಒಂದು ಲೆಕ್ಕದಲ್ಲಿ ಸಿಕ್ಕಿಹಾಕಿಕೊಂಡಿದ್ದೇವೆ. ಅರೇ ಒಳಗೆ ಒಂದಕ್ಕೊಂದು ಅಂಟಿಕೊಂಡಿರುವ ತುಂಡು ಬೇಕು. ಅದರ ಮೊತ್ತ ಸರಿಯಾಗಿ k ಆಗಿರಬೇಕು. ಅಂಥ ತುಂಡುಗಳಲ್ಲಿ ಅತಿ ಉದ್ದದ್ದು ಎಷ್ಟು ಉದ್ದ? ಮೈನಸ್ ಸಂಖ್ಯೆಗಳೂ ಇವೆ.

```
a = [20, -10, 30, -40, 10, 20, -30, 40, -10, -20]
k = 30
```

ನಾಲ್ಕು ಜನರ ಪ್ರೋಗ್ರಾಂ ನಾಲ್ಕು ಉತ್ತರ ಕೊಡುತ್ತಿದೆ. ಸ್ಲೈಡಿಂಗ್ ವಿಂಡೋ ಬರೆದವನಿಗೆ 0. ಉಳಿದ ಮೂವರೂ ಪ್ರಿಫಿಕ್ಸ್ ಸಮ್ ಮತ್ತು ಹ್ಯಾಶ್ ಮ್ಯಾಪ್ ಹಾಕಿದ್ದೇವೆ. ಆದರೂ ಒಬ್ಬನಿಗೆ 3, ನನಗೆ 6, ಇನ್ನೊಬ್ಬಳಿಗೆ 9. ಅವಳದೇ ಸರಿ ಅಂತ ಕೈಯಲ್ಲಿ ಕೂಡಿ ನೋಡಿದರೆ ಗೊತ್ತಾಗುತ್ತದೆ, ಮೊದಲ ಒಂಬತ್ತರ ಮೊತ್ತ 30. ನಮ್ಮದು ಎಲ್ಲಿ ತಪ್ಪುತ್ತಿದೆ ಅನ್ನೋದು ಬೇಕು. ಉತ್ತರ ಬೇಡ, ಕಾರಣ ಹೇಳಿ.

ಮುಳಬಾಗಿಲು ದೋಸೆ

0, 3, 6, 9. ಮಗ್ಗಿ ಸರಿಯಾಗಿಯೇ ಹೇಳುತ್ತಿದ್ದೀರಲ್ಲ 😄

ತಿಪಟೂರು ಕೊಬ್ಬರಿ

ಸ್ಲೈಡಿಂಗ್ ವಿಂಡೋನೇ ಸಾಕು ಗುರು, ಹ್ಯಾಶ್ ಯಾಕೆ? ತೊಂದರೆ ಇರೋದು ಮೈನಸ್‌ನಿಂದ ತಾನೆ. ಎಲ್ಲಾ ಸಂಖ್ಯೆಗೂ 40 ಕೂಡಿಸಿಬಿಡಿ. ಆಗ ಯಾವುದೂ ಮೈನಸ್ ಇರಲ್ಲ. ಆಮೇಲೆ ಮಾಮೂಲಿ ಎರಡು ಪಾಯಿಂಟರ್ ಓಡಿಸಿ.

ಬಂಗಾರಪೇಟೆ ಲೋಕಲ್

ಕೊಬ್ಬರಿಯವರೇ, ಹಾಗೆ ಕೂಡಿಸಿದರೆ ಟಾರ್ಗೆಟ್ ಕೂಡ ಬದಲಾಗುತ್ತದೆ. 2 ಉದ್ದದ ತುಂಡಿಗೆ 80 ಸೇರುತ್ತದೆ, ಆಗ ನೀವು 110 ಹುಡುಕಬೇಕು. 9 ಉದ್ದದ ತುಂಡಿಗೆ 360 ಸೇರುತ್ತದೆ, ಆಗ 390 ಹುಡುಕಬೇಕು. ಉದ್ದ ಎಷ್ಟು ಅಂತ ಗೊತ್ತಿಲ್ಲದೇ ಇರುವುದರಿಂದಲೇ ಅಲ್ವಾ ನಾವು ಹುಡುಕುತ್ತಿರುವುದು? ಯಾವ ಸಂಖ್ಯೆಗೆ ಹೋಲಿಸಬೇಕು ಅಂತ ವಿಂಡೋಗೆ ಗೊತ್ತೇ ಆಗುವುದಿಲ್ಲ.

ಕೆರೆ ಏರಿ, ನಿಮ್ಮ ಮೂವರ ಕೋಡ್ ಹಾಕಿ. ಅಷ್ಟರಲ್ಲಿ 0 ಬಂದವನ ವಿಷಯ ಹೇಳುತ್ತೇನೆ. ವಿಂಡೋ ನಂಬಿರುವುದು ಒಂದೇ ಮಾತನ್ನು: ಬಲಕ್ಕೆ ಚಾಚಿದರೆ ಮೊತ್ತ ಏರುತ್ತದೆ, ಎಡದಿಂದ ಕತ್ತರಿಸಿದರೆ ಇಳಿಯುತ್ತದೆ. ಇಲ್ಲಿ 20, -10, 30 ತೆಗೆದುಕೊಂಡಾಗ ಮೊತ್ತ 40. ಜಾಸ್ತಿ ಆಯಿತು ಅಂತ ಎಡದ 20 ಬಿಟ್ಟುಬಿಡುತ್ತದೆ. ಉಳಿದದ್ದು 20. ಸರಿ, ಮುಂದೆ ಹೋಗೋಣ ಅಂತ -40 ಸೇರಿಸುತ್ತದೆ, -20 ಆಯಿತು. ಒಂಟಿಯಾಗಿ ನಿಂತಿದ್ದ 30 ಕಣ್ಣೆದುರೇ ಇತ್ತು, ಅದೂ ತಪ್ಪಿತು. ಎಡದಲ್ಲಿದ್ದ -10 ಬಿಟ್ಟಿದ್ದರೆ ಮೊತ್ತ ಏರಿ 30 ಆಗುತ್ತಿತ್ತು. ಆದರೆ ಬಿಟ್ಟರೆ ಮೊತ್ತ ಏರುತ್ತದೆ ಅನ್ನೋದು ವಿಂಡೋದ ಲೆಕ್ಕದಲ್ಲೇ ಇಲ್ಲ. ಒಮ್ಮೆ ಬಿಟ್ಟ 20 ಅನ್ನು ಮತ್ತೆ ಎತ್ತಿಕೊಳ್ಳುವುದೂ ಇಲ್ಲ. ಅದಕ್ಕೇ ಕೊನೆಯವರೆಗೂ ಒಂದು ಸಲವೂ 30 ಮುಟ್ಟಲಿಲ್ಲ.

ತಿಪಟೂರು ಕೊಬ್ಬರಿ

ಸರಿ ಮೇಡಂ, ಹಾಗಾದರೆ ಉದ್ದವನ್ನೇ ಹಿಡಿದುಕೊಳ್ಳೋಣ. ಮೊದಲು 10 ಉದ್ದದ ವಿಂಡೋ ಓಡಿಸುವುದು, ಸಿಗದಿದ್ದರೆ 9, ಆಮೇಲೆ 8. ಉದ್ದ ಗೊತ್ತಿರುವಾಗ 40 ಕೂಡಿಸೋದೂ ಬೇಡ. ಇದು ತಪ್ಪಾ?

ಬಂಗಾರಪೇಟೆ ಲೋಕಲ್

ತಪ್ಪಲ್ಲ, ಸರಿಯಾದ ಉತ್ತರವೇ ಬರುತ್ತದೆ. ನಿಧಾನ ಅಷ್ಟೆ. ಒಂದು ಲಕ್ಷ ಸಂಖ್ಯೆ ಇದ್ದು ಎಲ್ಲೂ k ಸಿಗದೇ ಹೋದರೆ ಸುಮಾರು 500 ಕೋಟಿ ತುಂಡುಗಳನ್ನು ನೋಡಬೇಕು. ಸಣ್ಣ ಅರೇಗೆ ನಿಮ್ಮದನ್ನು ಓಡಿಸಿ, ಹ್ಯಾಶ್ ಕೋಡ್ ಜೊತೆ ಉತ್ತರ ಹೋಲಿಸಲು ಇಟ್ಟುಕೊಳ್ಳಿ. ಆ ಕೆಲಸಕ್ಕೆ ಇದು ಚೆನ್ನಾಗಿದೆ.

ಚಿಂತಾಮಣಿ ಶೇಂಗಾ

ನನಗೆ ಹತ್ತರಲ್ಲಿ ಒಂಬತ್ತು ಅಲ್ಲ, ಬೇರೆ ಥರ ಸುಲಭವಾಗಿ ಬಂತು. -40 ಬಿಟ್ಟು, ಬೇಕಾದ್ದು ಆರಿಸಿಕೊಂಡರೆ 30 ಮಾಡೋದು ಬಹಳ ಸಲೀಸು. ಡಿಪಿ ಟೇಬಲ್ ಹಾಕಿ.

ಕ್ಲಾಕ್ ಟವರ್

ಬಿಟ್ಟು ಬಿಟ್ಟು ಆರಿಸೋ ಹಾಗಿಲ್ಲ ಶೇಂಗಾ. ಅಂಟಿಕೊಂಡಿರಬೇಕು ಅಂತ ಮೊದಲ ಪೋಸ್ಟಿನಲ್ಲೇ ಇದೆ. ನೀವು ಹೇಳ್ತಿರೋದು ಸಬ್‌ಸೆಟ್ ಸಮ್, ಬೇರೆ ಊರಿನ ಬಸ್ಸು.

ಕೆರೆ ಏರಿ, ಕೋಲಾರ

ಇದು ನನ್ನ ಕೋಡ್, 6 ಬರುತ್ತಿದೆ:

```cpp
unordered_map<int,int> m;
m[0] = 0;
int s = 0, best = 0;
for (int i = 1; i <= n; i++) {
    s += a[i-1];
    if (m[s-k]) best = max(best, i - m[s-k]);
    if (!m.count(s)) m[s] = i;
}
```

3 ಬಂದವನದ್ದು ಹೆಚ್ಚು ಕಡಿಮೆ ಇದೇ. ಹುಡುಕೋದಕ್ಕೆ ಅವನು `find` ಹಾಕಿದ್ದಾನೆ. ಕೊನೆಯ ಸಾಲಿನಲ್ಲಿ `if` ಇಲ್ಲದೆ ನೇರವಾಗಿ `m[s] = i` ಅಂತಿದೆ.

ಕ್ಲಾಕ್ ಟವರ್

6 ಬಂದರೆ ಸಾಮಾನ್ಯವಾಗಿ `m[0]` ಹಾಕೋದು ಮರೆತಿರುತ್ತಾರೆ. ಆದರೆ ನೀನು ಹಾಕಿದ್ದೀಯ. ವಿಚಿತ್ರ.

ಬಂಗಾರಪೇಟೆ ಲೋಕಲ್

ವಿಚಿತ್ರ ಏನಿಲ್ಲ, ಹಾಕಿದ್ದು ಕಾಣಿಸದ ಹಾಗೆ ಓದುತ್ತಿದೆ. ಅಲ್ಲಿಗೆ ಬರುತ್ತೇನೆ. ಮೊದಲು ಪ್ರಿಫಿಕ್ಸ್ ಮೊತ್ತ ಅಂದರೆ ಏನು ಅಂತ ಕೈಗೆ ಸಿಗಬೇಕು. ಅದು ಸಿಕ್ಕಿದರೆ 3 ಮತ್ತು 6 ಎರಡೂ ತಾವಾಗಿಯೇ ಬಿಡಿಸಿಕೊಳ್ಳುತ್ತವೆ.

ನೀನು ಕೋಲಾರದವನು, ಎಪಿಎಂಸಿ ಯಾರ್ಡ್ ನೋಡಿರುತ್ತೀಯ. 15 ಕೆಜಿ ಟೊಮೆಟೊ ಬಾಕ್ಸ್ ಇವತ್ತು 20 ಏರಿತು, ನಾಳೆ 10 ಇಳಿಯಿತು ಅಂತ ಮಾತಾಡುತ್ತಾರಲ್ಲ, ನಿನ್ನ ಅರೇ ಆ ಏರಿಳಿತ ಅಂದುಕೋ. ಪಟ್ಟಿ ಶುರುವಾಗುವ ಹಿಂದಿನ ದಿನ ಬಾಕ್ಸ್ 200 ರೂಪಾಯಿ ಇತ್ತು ಅಂತಿಟ್ಟುಕೊಳ್ಳೋಣ. ಲೆಕ್ಕಕ್ಕೆ ಸುಮ್ನೆ ಹಾಕಿಕೊಂಡ ಸಂಖ್ಯೆ. ಆಗ ಬೆಲೆಗಳು ಹೀಗೆ:

```
day    0   1   2   3   4   5   6   7   8   9  10
price 200 220 210 240 200 210 230 200 240 230 210
```

ಪ್ರಿಫಿಕ್ಸ್ ಮೊತ್ತ ಅಂದರೆ ಈ ಬೆಲೆಯೇ, 200 ಕಳೆದು ಬರೆದದ್ದು. ಹಾಗಾದರೆ ಮೊತ್ತ 30 ಇರುವ ತುಂಡು ಅಂದರೆ ಏನು? ಬೆಲೆ ಸರಿಯಾಗಿ 30 ರೂಪಾಯಿ ಜಾಸ್ತಿ ಆಗಿರುವ ಎರಡು ದಿನ. ನಡುವೆ ಎಷ್ಟು ಸಲ ಏರಿತು, ಎಷ್ಟು ಸಲ ಬಿತ್ತು ಅನ್ನೋದು ನಮಗೆ ಬೇಕಾಗಿಲ್ಲ. ಮೈನಸ್ ಇದ್ದರೂ ಇಲ್ಲದಿದ್ದರೂ ಇದಕ್ಕೆ ಏನೂ ಆಗುವುದಿಲ್ಲ. ಅತಿ ಉದ್ದದ ತುಂಡು ಅಂದರೆ ಅಂಥ ಎರಡು ದಿನಗಳಲ್ಲಿ ಒಂದಕ್ಕೊಂದು ಅತಿ ದೂರ ಇರುವ ಜೋಡಿ.

ಈಗ ಮ್ಯಾಪ್‌ನ ಕೆಲಸ ಏನು? 9ನೇ ದಿನ ನಿಂತಿದ್ದೀಯ, ಬೆಲೆ 230. ನಿನಗೆ ಬೇಕಾದದ್ದು 200 ಇದ್ದ ದಿನ. 200 ಇದ್ದದ್ದು 0, 4, 7ನೇ ದಿನ. ಯಾವುದು ಬೇಕು? ಅತಿ ಹಿಂದಿನದು, ಅಂದರೆ 0. ಉದ್ದ 9.

3 ಬಂದ ಹುಡುಗ ಮ್ಯಾಪ್‌ನಲ್ಲಿ ಪ್ರತಿ ಸಲ ಹಳೆಯ ದಿನ ಅಳಿಸಿ ಹೊಸ ದಿನ ಬರೆಯುತ್ತಿದ್ದಾನೆ. ಅವನ ಮ್ಯಾಪ್‌ಗೆ 200 ಅಂದರೆ 7ನೇ ದಿನ ಮಾತ್ರ. 9ನೇ ದಿನ ಅವನಿಗೆ ಸಿಗುವುದು 2. ಅವನ 3 ಬಂದದ್ದು 8ನೇ ದಿನದಲ್ಲಿ: ಬೆಲೆ 240, ಬೇಕಾದದ್ದು 210, ಅವನಿಗೆ ನೆನಪಿರುವ 210 ಐದನೇ ದಿನದ್ದು. ನಿಜವಾಗಿ 210 ಎರಡನೇ ದಿನವೇ ಇತ್ತು. ಒಂದು ಬೆಲೆ ಮೊದಲು ಕಂಡ ದಿನ ಸಿಕ್ಕಿದ ಮೇಲೆ, ಅದೇ ಬೆಲೆ ಮತ್ತೆ ಕಂಡ ದಿನದಿಂದ ಯಾರಿಗೂ ಉಪಯೋಗ ಇಲ್ಲ. ಮುಂದೆ ಯಾವ ದಿನ ಬಂದು ಕೇಳಿದರೂ ಹಿಂದಿನದೇ ದೂರ ಇರುತ್ತದೆ.

ಕೆರೆ ಏರಿ, ಕೋಲಾರ

ಅಕ್ಕ, ಇದು ಸೂಪರ್. `m[0] = 0` ಅಂದರೆ ಆ 0ನೇ ದಿನದ ಬೆಲೆ ಅಲ್ವಾ? ಇಷ್ಟು ದಿನ ಸುಮ್ನೆ ಬಾಯಿಪಾಠ ಮಾಡಿ ಹಾಕುತ್ತಿದ್ದೆ. ಆದರೆ ನಾನು ಅದನ್ನು ಬರೆದಿದ್ದೇನಲ್ಲ. ಮತ್ತೆ ಯಾಕೆ 6?

ಬಂಗಾರಪೇಟೆ ಲೋಕಲ್

ಬರೆದಿದ್ದೀಯ, ಆದರೆ `if (m[s-k])` ಅಂತ ಕೇಳುತ್ತಿದ್ದೀಯ. ಆ ಪ್ರಶ್ನೆ "ಕೀ ಇದೆಯಾ" ಅಂತ ಅಲ್ಲ, "ಆ ಕೀ ಎದುರಿಗೆ ಇರುವ ಸಂಖ್ಯೆ ಸೊನ್ನೆ ಅಲ್ಲವಾ" ಅಂತ. 0ನೇ ದಿನದ ಎದುರಿಗೆ ಇರುವುದೇ ಸೊನ್ನೆ. 9ನೇ ದಿನ ಅದು ಸರಿಯಾದ ಜಾಗಕ್ಕೇ ಹೋಗಿ, 0 ನೋಡಿ, ಏನೂ ಇಲ್ಲ ಅಂತ ವಾಪಸ್ ಬಂತು. ಕೊನೆಗೆ ನಿನಗೆ ಉಳಿದದ್ದು 8ನೇ ದಿನ ಸಿಕ್ಕ 8 - 2 = 6.

ಅದೇ ಸಾಲಿನಲ್ಲಿ ಇನ್ನೂ ಒಂದು ಕಳ್ಳ ಇದ್ದಾನೆ, ಈ ಟೆಸ್ಟ್ ಕೇಸಿನಲ್ಲಿ ಸಿಕ್ಕಿಬೀಳುವುದಿಲ್ಲ. ಸಿ++ ನಲ್ಲಿ `m[x]` ಅಂತ ಬರೀ ಓದಿದರೂ ಸಾಕು, ಆ ಕೀ ಇಲ್ಲದಿದ್ದರೆ ಹೊಸದಾಗಿ ಸೃಷ್ಟಿಯಾಗಿ ಎದುರಿಗೆ 0 ಕೂತುಬಿಡುತ್ತದೆ. `[2, -5, 5]`, k = 5 ಹಾಕಿ ನೋಡು. ಉತ್ತರ 1 ಬರಬೇಕು, ಕೊನೆಯ 5 ಒಂದೇ ಸಾಕು. ನಿನ್ನ ಕೋಡ್ ಮೊದಲ ಹೆಜ್ಜೆಯಲ್ಲಿ ಮೊತ್ತ 2 ಇದ್ದಾಗ `m[-3]` ಕೇಳುತ್ತದೆ. ಕೇಳಿದ್ದಕ್ಕೇ -3 ಮ್ಯಾಪ್ ಒಳಗೆ ಬಂತು. ಮುಂದಿನ ಹೆಜ್ಜೆಯಲ್ಲಿ ಮೊತ್ತ ನಿಜವಾಗಿಯೂ -3 ಆಗುತ್ತದೆ. ಆಗ `m.count` ಆಗಲೇ ಇದೆ ಅನ್ನುತ್ತದೆ, ನಿಜವಾದ ಇಂಡೆಕ್ಸ್ 2 ಬರೆಯುವುದೇ ಇಲ್ಲ. ಮೂರನೇ ಹೆಜ್ಜೆಯಲ್ಲಿ -3 ಹುಡುಕಿದರೆ ಸುಳ್ಳು ಸೊನ್ನೆ ಸಿಗುತ್ತದೆ. ಉತ್ತರ 0.

ಹೀಗೆ ಬರೆ:

```cpp
unordered_map<long long,int> first;
first[0] = 0;
long long s = 0;
int best = 0;
for (int i = 1; i <= n; i++) {
    s += a[i-1];
    auto it = first.find(s - k);
    if (it != first.end()) best = max(best, i - it->second);
    first.emplace(s, i);
}
```

`emplace` ಕೀ ಮೊದಲೇ ಇದ್ದರೆ ಮುಟ್ಟುವುದಿಲ್ಲ. ಹಾಗಾಗಿ ಮೊದಲ ದಿನವೇ ಉಳಿಯುತ್ತದೆ. `long long` ಯಾಕೆ ಅಂದರೆ, ಒಂದು ಲಕ್ಷ ಸಂಖ್ಯೆ, ಒಂದೊಂದೂ ನೂರು ಕೋಟಿವರೆಗೆ ಇರಬಹುದು ಅಂತ ಪ್ರಶ್ನೆಯಲ್ಲಿ ಇದ್ದರೆ ಮೊತ್ತ `int` ಒಳಗೆ ಹಿಡಿಸುವುದಿಲ್ಲ. ಅದು ಉಕ್ಕಿ ಹರಿದರೆ ಎರರ್ ಕೂಡ ಬರುವುದಿಲ್ಲ, ತಪ್ಪು ಉತ್ತರ ಅಷ್ಟೇ ಬರುತ್ತದೆ.

ಕೆರೆ ಏರಿ, ಕೋಲಾರ

9 ಬಂತು. `[2, -5, 5]` ಗೂ 1 ಬಂತು. ಜಾವಾದಲ್ಲಿ ಬರೆಯುವವಳು ಕೇಳುತ್ತಿದ್ದಾಳೆ, ಅವಳಿಗೂ ಇಂಥದ್ದು ಏನಾದರೂ ಇದೆಯಾ ಅಂತ.

ಕ್ಲಾಕ್ ಟವರ್

ಇದೆ. `HashMap<Long,Integer>` ಇಟ್ಟುಕೊಂಡು `map.get(0)` ಅಂತ ಕೇಳಿದರೆ ಯಾವಾಗಲೂ `null`. ಆ 0 `Integer` ಆಗಿ ಹೋಗುತ್ತದೆ, ಒಳಗಿರೋದು `Long`. ಎರಡೂ ಸೊನ್ನೆನೇ, ಆದರೂ ಸಮ ಅಲ್ಲ. `0L` ಅಂತ ಬರೀಬೇಕು. `get` ಯಾವ ಟೈಪ್ ಕೊಟ್ಟರೂ ತಗೊಳ್ಳುತ್ತೆ, ಅದಕ್ಕೆ ಕಂಪೈಲರ್ ಕೂಗಲ್ಲ. k, ಮೊತ್ತ ಎರಡನ್ನೂ `long` ಮಾಡಿಬಿಟ್ಟರೆ ಈ ಗೋಳು ಇಲ್ಲ.

ಇನ್ನೊಂದು ವಿಷಯ. ಎಲ್ಲರೂ ಹ್ಯಾಶ್ ಹ್ಯಾಶ್ ಅಂತಿದ್ದೀರ. ಸ್ಪರ್ಧೆಗಳಲ್ಲಿ `unordered_map` ಹಾಕಿದರೆ ಹೊಡೆಸಿಕೊಳ್ಳುತ್ತೀರ. ಜಿಸಿಸಿಯಲ್ಲಿ ಪೂರ್ಣಾಂಕದ ಹ್ಯಾಶ್ ಅಂದರೆ ಆ ಸಂಖ್ಯೆಯೇ. ಬಕೆಟ್ ಎಷ್ಟು ಇರುತ್ತದೆ ಅನ್ನೋ ಅವಿಭಾಜ್ಯ ಸಂಖ್ಯೆಗಳ ಪಟ್ಟಿಯೂ ಎಲ್ಲರಿಗೂ ಗೊತ್ತು. ಅದರಲ್ಲಿನ ಒಂದು ಸಂಖ್ಯೆಯ ಅಪವರ್ತ್ಯಗಳೇ ಪ್ರಿಫಿಕ್ಸ್ ಮೊತ್ತ ಆಗೋ ಹಾಗೆ ಅರೇ ಕೊಟ್ಟರೆ ಎಲ್ಲಾ ಒಂದೇ ಬಕೆಟ್‌ಗೆ ಬೀಳುತ್ತೆ. ಆಗ ನಿಮ್ಮ ಕೋಡ್ ಕೊಬ್ಬರಿಯವರ ಕೋಡ್‌ಗಿಂತ ಫಾಸ್ಟ್ ಏನಲ್ಲ.

ನಾನಾದರೆ ಸಾರ್ಟ್ ಮಾಡ್ತೀನಿ. ಬೆಲೆ ಮತ್ತು ದಿನದ ಜೋಡಿಗಳನ್ನು ಬೆಲೆ ಪ್ರಕಾರ ಜೋಡಿಸು. ಪ್ರತಿ ಬೆಲೆಗೂ ಮೊದಲು ಕಂಡ ದಿನ, ಕೊನೆಗೆ ಕಂಡ ದಿನ ಎರಡೇ ಇಟ್ಟುಕೋ. 200ರ ಮೊದಲ ದಿನ 0, 230ರ ಕೊನೆಯ ದಿನ 9, ಕಳೆ, ಮುಗೀತು. ಎರಡು ಪಾಯಿಂಟರ್‌ನಲ್ಲಿ ಎಲ್ಲಾ ಬೆಲೆಗೂ ಇದೇ ನೋಡಿಕೊಂಡು ಹೋಗು, ಮೈನಸ್ ಬಂದರೆ ಬಿಟ್ಟುಬಿಡು.

ಬಂಗಾರಪೇಟೆ ಲೋಕಲ್

ಸಾರ್ಟ್ ಉಪಾಯ ಚೊಕ್ಕವಾಗಿದೆ, ಒಪ್ಪುತ್ತೇನೆ. ಆದರೆ ಇವರು ಬರೆಯುತ್ತಿರುವುದು ಪ್ಲೇಸ್‌ಮೆಂಟ್ ಟೆಸ್ಟ್. ಅಲ್ಲಿ ಬೇಕಂತ ನಿನ್ನ ಹ್ಯಾಶ್ ಒಡೆಯಲು ಕೂತಿರುವವರು ಯಾರೂ ಇರುವುದಿಲ್ಲ. ಇಂಟರ್ವ್ಯೂನಲ್ಲಿ ಕೆಟ್ಟ ಸ್ಥಿತಿಯಲ್ಲಿ ಏನಾಗುತ್ತದೆ ಅಂತ ಕೇಳಿದರೆ ಹೇಳಲು ಗೊತ್ತಿದ್ದರೆ ಸಾಕು.

ಕ್ಲಾಕ್ ಟವರ್

ಒಪ್ಪಲ್ಲ ಅಕ್ಕ. ಅಭ್ಯಾಸ ಒಂದೇ ಇರಬೇಕು. `map` ಹಾಕಿದರೂ ಒಂದು ಲಕ್ಷಕ್ಕೆ ಏನೂ ನಿಧಾನ ಆಗಲ್ಲ, ಕಣ್ಣುಮುಚ್ಚಿ ನಂಬಬಹುದು. ಸಿಕ್ಕಷ್ಟು ಫಾಸ್ಟ್ ಬೇಕು ಅಂತ ಯಾರು ಕೇಳಿದರು?

ಬಂಗಾರಪೇಟೆ ಲೋಕಲ್

ಪ್ರಶ್ನೆಯಲ್ಲಿ n ಒಂದು ಕೋಟಿ ಅಂತ ಬಂದಾಗ ನೀನೇ ಕೇಳುತ್ತೀಯ 🙂 ಇರಲಿ, ಇಬ್ಬರೂ ನಮ್ಮ ನಮ್ಮದೇ ಬರೆಯೋಣ.

ಶಿಡ್ಲಘಟ್ಟ ಗೂಡು

ಬೆಲೆ ಲೆಕ್ಕ ಬಂತು ಅಂತ ಕೇಳುತ್ತಿದ್ದೇನೆ. ನಾನು ಕಂಪ್ಯೂಟರ್ ಓದಿದವನಲ್ಲ, ನಮ್ಮದು ರೇಷ್ಮೆ ರೀಲಿಂಗ್. ಪೈಥಾನ್ ಸ್ವಲ್ಪ ಕಲಿತಿದ್ದೇನೆ. ಗೂಡಿನ ಮಾರುಕಟ್ಟೆಯ ದಿನದ ಸರಾಸರಿ ರೇಟು, ಕೆಜಿಗೆ ಇಷ್ಟು ಅಂತ, ಪೈಸೆ ಸಮೇತ ಬರೆದಿಟ್ಟಿದ್ದೇನೆ. ನಿನ್ನೆಯದಕ್ಕೂ ಇವತ್ತಿನದಕ್ಕೂ ವ್ಯತ್ಯಾಸ ತೆಗೆದು ಅರೇ ಮಾಡಿ, ಇಲ್ಲಿ ಹೇಳಿದ ಹಾಗೆ ಪ್ರಿಫಿಕ್ಸ್ ಮೊತ್ತ ಹಾಕಿದೆ. 20 ರೂಪಾಯಿ ಏರಿಕೆ ಹುಡುಕಿದರೆ 0 ಬರುತ್ತಿದೆ. ಪುಸ್ತಕದಲ್ಲಿ ಕಣ್ಣಿಗೆ ಕಾಣುವಂತೆ ಸರಿಯಾಗಿ 20 ವ್ಯತ್ಯಾಸದ ದಿನಗಳು ಇವೆ. ಮೈನಸ್ ಇದ್ದರೂ ನಡೆಯುತ್ತದೆ ಅಂದಿರಲ್ಲ?

ಬಂಗಾರಪೇಟೆ ಲೋಕಲ್

ಅಣ್ಣ, ನಿಮ್ಮ ತೊಂದರೆ ಮೈನಸ್ ಅಲ್ಲ, ದಶಮಾಂಶ. ಪೈಥಾನ್‌ನಲ್ಲಿ `0.1 + 0.2 == 0.3` ಅಂತ ಟೈಪ್ ಮಾಡಿ ನೋಡಿ, `False` ಅನ್ನುತ್ತದೆ. ಎಲ್ಲೋ ಹದಿನೇಳನೇ ಸ್ಥಾನದಲ್ಲಿ ಚೂರು ಉಳಿದಿರುತ್ತದೆ. ಹ್ಯಾಶ್‌ಗೆ "ಹತ್ತಿರ ಹತ್ತಿರ" ಅನ್ನೋದು ಇಲ್ಲ, ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ವ್ಯತ್ಯಾಸ ತೆಗೆದು ಮತ್ತೆ ಕೂಡುತ್ತಾ ಹೋದಂತೆ ಆ ಚೂರುಗಳು ಸೇರಿಕೊಳ್ಳುತ್ತವೆ.

ಅದಕ್ಕಿಂತ ಮೊದಲು, ನೀವು ವ್ಯತ್ಯಾಸ ತೆಗೆದದ್ದೇ ಬೇಡವಾಗಿತ್ತು. ಪ್ರಿಫಿಕ್ಸ್ ಮೊತ್ತ ಅಂದರೆ ಬೆಲೆಯೇ ಅಂತ ಮೇಲೆ ಹೇಳಿದೆನಲ್ಲ. ಬೆಲೆ ನಿಮ್ಮ ಪುಸ್ತಕದಲ್ಲೇ ಇದೆ! ಪೈಸೆಗೆ ತಿರುಗಿಸಿ ನೇರವಾಗಿ ಹಾಕಿ:

```python
first, best = {}, 0
k = 2000
for i, rate in enumerate(rates):
    p = round(rate * 100)
    if p - k in first:
        best = max(best, i - first[p - k])
    first.setdefault(p, i)
```

k ಕೂಡ ಪೈಸೆಯಲ್ಲಿ, 20 ರೂಪಾಯಿ ಅಂದರೆ 2000. `round` ಬಿಡಬೇಡಿ. ಇಲ್ಲಿ ಮೊದಲೇ 0 ಹಾಕಿಡುವ ಕೆಲಸವೂ ಇಲ್ಲ ನೋಡಿ, ಮೊದಲ ದಿನದ ರೇಟು ತಾನಾಗಿಯೇ ಒಳಗೆ ಹೋಗುತ್ತದೆ.

ಶಿಡ್ಲಘಟ್ಟ ಗೂಡು

ಈಗ ಬಂತು ಮೇಡಂ. ಆದರೆ ಸರಿಯಾಗಿ 20 ಅನ್ನೋದು ನನಗೆ ಅಷ್ಟು ಉಪಯೋಗ ಇಲ್ಲ. 20 ಅಥವಾ ಅದಕ್ಕಿಂತ ಜಾಸ್ತಿ ಏರಿದ ಅತಿ ದೂರದ ಎರಡು ದಿನ ಬೇಕಿತ್ತು. `p - k in first` ಬದಲು ಏನು ಬರೆಯಬೇಕು?

ತಿಪಟೂರು ಕೊಬ್ಬರಿ

k ಗೆ 2000, 2001, 2002 ಅಂತ ಲೂಪ್ ಹಾಕಿ ಅಣ್ಣ. ಎಲ್ಲದರಲ್ಲಿ ದೊಡ್ಡದು ತಗೊಳ್ಳಿ.

ಬಂಗಾರಪೇಟೆ ಲೋಕಲ್

ಹಾಗೆ ಮಾಡಿದರೂ ಉತ್ತರ ಬರುತ್ತದೆ, ಪೈಸೆ ಲೆಕ್ಕದಲ್ಲಿ ಸಾವಿರಾರು ಸಲ ಓಡಿಸಬೇಕು ಅಷ್ಟೆ. ಆ ಪ್ರಶ್ನೆಗೆ ಹ್ಯಾಶ್ ಬೇಡ, ಬೇರೆ ದಾರಿ ಇದೆ.

ಶುರುವಿನ ದಿನವಾಗಿ ಯಾವ ದಿನಗಳು ಯೋಗ್ಯ? ತನಗಿಂತ ಹಿಂದಿನ ಎಲ್ಲಾ ದಿನಗಳಿಗಿಂತ ಅಗ್ಗ ಇರುವ ದಿನ ಮಾತ್ರ. ಹಿಂದೆ ಅದಕ್ಕಿಂತ ಅಗ್ಗದ ಅಥವಾ ಅಷ್ಟೇ ಬೆಲೆಯ ದಿನ ಇದ್ದರೆ ಅದನ್ನೇ ಹಿಡಿಯಬಹುದು, ಉದ್ದವೂ ಜಾಸ್ತಿ, ಏರಿಕೆಯೂ ಕಡಿಮೆ ಆಗುವುದಿಲ್ಲ. ರೂಪಾಯಿಯಲ್ಲಿ ಒಂದು ಸಣ್ಣ ಪಟ್ಟಿ:

```
day    0   1   2   3   4   5   6   7
price 210 200 220 190 205 225 215 195
```

ಯೋಗ್ಯ ದಿನಗಳು 0, 1, 3. ಅವನ್ನು ಒಂದರ ಮೇಲೊಂದು ಪೇರಿಸಿ, 3 ಮೇಲಿರಲಿ. ಈಗ ಕೊನೆಯ ದಿನದಿಂದ ಹಿಂದಕ್ಕೆ ಬನ್ನಿ. 7ನೇ ದಿನ 195, ಮೇಲಿರುವ 190ಕ್ಕೆ ಹೋಲಿಸಿದರೆ 5 ಮಾತ್ರ, ಆಗಲಿಲ್ಲ. 6ನೇ ದಿನ 215, 25 ಏರಿದೆ, ಉದ್ದ 3. 3ನೇ ದಿನದ ಕೆಲಸ ಮುಗಿಯಿತು, ತೆಗೆದುಬಿಡಿ. ನಾವು ಬಲದಿಂದ ಬರುತ್ತಿರುವುದರಿಂದ ಇನ್ನು ಮುಂದೆ ಅದಕ್ಕೆ ಸಿಗುವ ಉದ್ದ ಕಡಿಮೆಯೇ. ಈಗ ಮೇಲಿರುವುದು 1ನೇ ದಿನದ 200. 215ಕ್ಕೆ 15 ಮಾತ್ರ, ಆಗಲಿಲ್ಲ. 5ನೇ ದಿನ 225, 25 ಏರಿದೆ, ಉದ್ದ 4. ಅದನ್ನೂ ತೆಗೆಯಿರಿ. ಉಳಿದ 210ಕ್ಕೆ 20 ಏರಿಕೆ ಯಾವ ದಿನವೂ ಸಿಗುವುದಿಲ್ಲ. ಉತ್ತರ 4.

ಪ್ರತಿ ದಿನ ಒಮ್ಮೆ ಒಳಗೆ, ಒಮ್ಮೆ ಹೊರಗೆ, ಅಷ್ಟೇ ಕೆಲಸ. ಸಾರ್ಟ್ ಕೂಡ ಬೇಡ. ಇಲ್ಲಿ ದಶಮಾಂಶ ಇದ್ದರೂ ಮೊದಲಿನಷ್ಟು ತೊಂದರೆ ಇಲ್ಲ, ಆದರೆ ಸರಿಯಾಗಿ 20 ಇರುವ ದಿನ ಚೂರಿನಿಂದ ತಪ್ಪಿಹೋಗಬಹುದು. ಪೈಸೆಯಲ್ಲೇ ಇಡಿ.

ಕೆರೆ ಏರಿ, ಕೋಲಾರ

ಅಕ್ಕ, ಒಂದು ಡೌಟು. k = 0 ಇದ್ದಾಗ ಹುಡುಕುವ ಮೊದಲೇ `emplace` ಮಾಡಿದರೆ ತನ್ನನ್ನೇ ತಾನು ಹುಡುಕಿಕೊಳ್ಳುವುದಿಲ್ಲವಾ?

ಕ್ಲಾಕ್ ಟವರ್

ಹುಡುಕಿಕೊಳ್ಳುತ್ತೆ, ಉದ್ದ 0 ಸಿಗುತ್ತೆ, `best` ಗೆ ಏನೂ ಆಗಲ್ಲ. ಆದರೆ ಉದ್ದ ಬಿಟ್ಟು "ಇಂಥ ತುಂಡುಗಳು ಎಷ್ಟಿವೆ" ಅಂತ ಎಣಿಸೋ ಪ್ರಶ್ನೆ ಬಂದರೆ ಅಲ್ಲಿ ಪೆಟ್ಟು ಬೀಳುತ್ತೆ. ಖಾಲಿ ತುಂಡನ್ನೂ ಎಣಿಸಿಬಿಡುತ್ತೆ. ಎಣಿಸೋದರಲ್ಲಿ ಮೊದಲ ದಿನ ಇಡೋದಲ್ಲ, ಆ ಬೆಲೆ ಎಷ್ಟು ಸಲ ಬಂತು ಅಂತ ಇಡಬೇಕು. ಲೀಟ್‌ಕೋಡ್ 560 ಅದು. ನಿಮ್ಮದು 325. ಎರಡನ್ನೂ ಪಕ್ಕಪಕ್ಕ ಬರೆದು ನೋಡಿ.

ಚಿಂತಾಮಣಿ ಶೇಂಗಾ

ಉದ್ದ ಬಿಡಿ, ಆ ತುಂಡನ್ನೇ ಪ್ರಿಂಟ್ ಮಾಡು ಅಂದರೆ? ಒಂದೇ ಉದ್ದದ್ದು ಎರಡು ಇದ್ದರೆ?

ಬಂಗಾರಪೇಟೆ ಲೋಕಲ್

`best` ಬದಲಾದಾಗ ಶುರುವಿನ ಇಂಡೆಕ್ಸ್ ಒಂದನ್ನು ಎತ್ತಿಟ್ಟುಕೊಂಡರೆ ಸಾಕು. ದೊಡ್ಡದಾಗಿದ್ದರೆ ಮಾತ್ರ ಬದಲಿಸಿದರೆ ಎಡಗಡೆಯದು ಉಳಿಯುತ್ತದೆ, ಸಮ ಇದ್ದರೂ ಬದಲಿಸಿದರೆ ಬಲಗಡೆಯದು. ಯಾವುದು ಬೇಕು ಅಂತ ಪ್ರಶ್ನೆಯಲ್ಲಿ ಇಲ್ಲದಿದ್ದರೆ ಕೇಳಬೇಕಷ್ಟೆ.

ಶಿಡ್ಲಘಟ್ಟ ಗೂಡು

ಮೇಡಂ, ಇನ್ನೊಂದು. ಮಾರುಕಟ್ಟೆ ರಜೆ ಇದ್ದ ದಿನ ಪುಸ್ತಕದಲ್ಲಿ ಸಾಲೇ ಇಲ್ಲ. ನಿಮ್ಮ ಉದ್ದ ಸಾಲಿನ ಲೆಕ್ಕ ಹೇಳುತ್ತದೆ. ನನಗೆ ಕ್ಯಾಲೆಂಡರ್ ದಿನ ಬೇಕು.

ಬಂಗಾರಪೇಟೆ ಲೋಕಲ್

ಮ್ಯಾಪ್‌ನಲ್ಲಿ ಸಾಲಿನ ನಂಬರ್ ಬದಲು ತಾರೀಕು ಇಡಿ, ತಾರೀಕಿನಿಂದ ತಾರೀಕು ಕಳೆಯಿರಿ. ತಾರೀಕು ಯಾವಾಗಲೂ ಮುಂದಕ್ಕೇ ಹೋಗುವುದರಿಂದ ಮೊದಲು ಕಂಡದ್ದೇ ಅತಿ ದೂರ ಅನ್ನುವ ಮಾತು ಹಾಗೇ ನಿಲ್ಲುತ್ತದೆ. ಗೆಲ್ಲುವ ಜೋಡಿ ಮಾತ್ರ ಬೇರೆ ಆಗಬಹುದು. ಕಡಿಮೆ ಸಾಲು ಇದ್ದೂ ನಡುವೆ ರಜೆ ಜಾಸ್ತಿ ಇದ್ದರೆ ಅದೇ ಉದ್ದ ಆಗುತ್ತದೆ.

ತಿಪಟೂರು ಕೊಬ್ಬರಿ

ಅದಕ್ಕಿಂತ ರಜೆ ದಿನಕ್ಕೆ ಹಿಂದಿನ ದಿನದ ರೇಟೇ ತುಂಬಿಬಿಡಿ. ವ್ಯತ್ಯಾಸ 0 ಅಂತ ಆಗುತ್ತೆ. ಕೋಡ್ ಮುಟ್ಟೋದೇ ಬೇಡ.

ಶಿಡ್ಲಘಟ್ಟ ಗೂಡು

ಹಾಗೆ ತುಂಬಿದರೆ ವ್ಯಾಪಾರವೇ ಇಲ್ಲದ ದಿನಕ್ಕೆ ರೇಟು ಇತ್ತು ಅಂದ ಹಾಗಾಯಿತಲ್ಲ. ಕೊನೆಯ ದಿನ ರಜೆಗೆ ಬಿದ್ದರೆ, ಮಾರಲು ಆಗದ ದಿನವನ್ನು ಉತ್ತರ ಅಂತ ತೋರಿಸುತ್ತದೆ.

ಬಂಗಾರಪೇಟೆ ಲೋಕಲ್

ಅಣ್ಣ ಹೇಳುವುದು ಸರಿ. ಶುರುವಿಗೆ ಅದರಿಂದ ಏನೂ ಆಗುವುದಿಲ್ಲ, ಮೊದಲು ಕಂಡ ದಿನ ನಿಜವಾದ ದಿನವೇ ಇರುತ್ತದೆ. ಕೊನೆಯ ತುದಿಗೆ ಮಾತ್ರ ತೊಂದರೆ. ತುಂಬದೇ ತಾರೀಕು ಇಡುವುದೇ ನನಗೆ ಇಷ್ಟ.

ತಿಪಟೂರು ಕೊಬ್ಬರಿ

ಗ್ರಾಫ್ ಹಾಕುವಾಗ ನಡುವೆ ಖಾಲಿ ಬಿಟ್ಟರೆ ಚೆನ್ನಾಗಿರಲ್ಲ ಮೇಡಂ, ನಾನು ತುಂಬೋನೇ. ಕೊಬ್ಬರಿ ಹರಾಜು ದಿನಾ ನಡೆಯಲ್ಲ. ನೀವು ಹೇಳಿದ ಹಾಗೆ ತಾರೀಕು ಇಟ್ಟು ಒಂದು ಸಲ, ನಂದು ತುಂಬಿ ಒಂದು ಸಲ ಓಡಿಸಿ ಎರಡೂ ಉತ್ತರ ಇಲ್ಲಿ ಹಾಕ್ತೀನಿ.